ಓದುಗರ ಪ್ರಶ್ನೆ: ವರ್ಗೀಕರಣದ ಟ್ರೀಯನ್ನೇ ಅಡ್ಡ ಬರೆದರೆ ಕೀ ಆಗುತ್ತಾ?

"ಸರ್, ವರ್ಗೀಕರಣದ ಲೆಕ್ಚರ್ ಮುಗಿದ ಮೇಲೆ ಟ್ರೀ ಬರೀರಿ, ಕೀ ಬರೀರಿ ಅಂತ ಎರಡು ಅಸೈನ್‌ಮೆಂಟ್ ಕೊಡ್ತೀರಿ. ಟ್ರೀಯ ಕವಲುಗಳಿಗೆ ನಂಬರ್ ಹಾಕಿದರೆ ಅದೇ ಕೀ ಆಗುತ್ತೆ ಅಲ್ವಾ? ಎರಡು ಸಲ ಯಾಕೆ ಬರೀಬೇಕು?"

ಆಗಲ್ಲ. ಟ್ರೀ ಅಂದರೆ ಯಾವುದು ಯಾವ ಗುಂಪಿಗೆ ಸೇರಿದೆ ಅಂತ ತೋರಿಸುವ ಕವಲು ಚಿತ್ರ. ಕೀ ಅಂದರೆ ಲಕ್ಷಣಗಳನ್ನು ಜೋಡಿ ಜೋಡಿಯಾಗಿ ಮುಂದಿಟ್ಟು, ಒಂದನ್ನು ಆರಿಸುತ್ತಾ ಹೋದರೆ ಹೆಸರು ಸಿಗುವ ಪಟ್ಟಿ. ಪ್ರತಿ ಸೆಮಿಸ್ಟರ್‌ನಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ, ಆದರೂ ಅಸೈನ್‌ಮೆಂಟ್‌ಗಳಲ್ಲಿ ಮತ್ತೆ ಅದೇ ಅಡ್ಡ ಮಲಗಿಸಿದ ಟ್ರೀ. ಆದ್ದರಿಂದ ಈ ಸಲ ಪೂರ್ತಿ ಬರೆದಿಡುತ್ತೇನೆ.

ಹಾವುಗಳ ಲೆಕ್ಚರನ್ನೇ ತೆಗೆದುಕೊಳ್ಳಿ. ನೋಟ್ಸ್‌ನಲ್ಲಿ ಎರಡು ಜಾತಿಯ ವಾಕ್ಯಗಳಿರುತ್ತವೆ. "ನಾಗರಹಾವು, ಕಟ್ಟುಹಾವು, ಕಡಲ ಹಾವು ಮೂರೂ ಎಲಾಪಿಡೇ ಕುಟುಂಬಕ್ಕೆ ಸೇರಿವೆ" ಅನ್ನುವುದು ಒಂದು ಜಾತಿ. "ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೀಲಿ ಗೆರೆ ಎಳೆಯಿರಿ, ಎರಡನೆಯದಕ್ಕೆ ಕೆಂಪು ಗೆರೆ. ನೀಲಿ ಗೆರೆಯವೆಲ್ಲ ಟ್ರೀಗೆ. ಕೆಂಪಿನವನ್ನು ನೇರ ಕೀಗೆ ಹಾಕಬೇಡಿ, ಮೊದಲು ಒಂದು ಟೇಬಲ್ ಮಾಡಿ: ಅಡ್ಡಸಾಲಿಗೆ ಒಂದೊಂದು ಹಾವು, ಕಂಬಸಾಲಿಗೆ ಒಂದೊಂದು ಲಕ್ಷಣ. ಖಾಲಿ ಉಳಿದ ಮನೆಗಳು ಎಷ್ಟು ಅಂತ ನೋಡಿದರೆ ಲೆಕ್ಚರ್‌ನಲ್ಲಿ ನೀವು ಏನು ಕೇಳಿಸಿಕೊಂಡಿಲ್ಲ, ಅಥವಾ ನಾನು ಏನು ಹೇಳಿಲ್ಲ, ಅದು ಗೊತ್ತಾಗುತ್ತದೆ.

ಟ್ರೀ ಸುಲಭ. ಹಾವುಗಳ ಕೆಳಗೆ ನಾಲ್ಕು ಕವಲು. ಎಲಾಪಿಡೇಯಲ್ಲಿ ನಾಗರ, ಕಟ್ಟುಹಾವು, ಕಡಲ ಹಾವು. ವೈಪರಿಡೇಯಲ್ಲಿ ಕೊಳಕುಮಂಡಲ, ಗರಗಸ ಮಂಡಲ. ಕೊಲುಬ್ರಿಡೇಯಲ್ಲಿ ಕೇರೆ, ತೋಳ ಹಾವು. ಬೋಯಿಡೇಯಲ್ಲಿ ಮಣ್ಣುಮುಕ್ಕ. ಒಟ್ಟು ಎಂಟು ಹಾವು.

ಈಗ ಇದನ್ನೇ ಕೀ ಮಾಡಲು ಹೋಗಿ. ಮೊದಲ ಪ್ರಶ್ನೆ ಏನಾಗಬೇಕು? "ವಿಷದ ಹಲ್ಲು ಬಾಯಿಯ ಮುಂದಿದ್ದು ಅಲುಗಾಡದೆ ನಿಂತಿದೆಯಾ, ಅಥವಾ ಮಡಚಿಕೊಳ್ಳುತ್ತದಾ?" ಎಲಾಪಿಡೇ ಮತ್ತು ವೈಪರಿಡೇ ಬೇರೆಯಾಗುವುದು ಇಂಥದ್ದರಿಂದ. ಆದರೆ ನಿಮ್ಮ ಮುಂದಿರುವುದು ಜಾಡಿಯಲ್ಲಿರುವ ಹಾವು. ಬಾಯಿ ಬಿಗಿದಿರುತ್ತದೆ, ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿರುತ್ತದೆ. ಟ್ರೀ ಹೇಳುವುದು ಯಾರು ಯಾರಿಗೆ ನೆಂಟರು ಅಂತ. ಕೀ ಕೇಳುವುದು ಈ ಕ್ಷಣ ನಿನ್ನ ಕಣ್ಣಿಗೆ ಏನು ಕಾಣುತ್ತಿದೆ ಅಂತ. ನೆಂಟಸ್ತನ ಹೊರಗೆ ಕಾಣಲೇಬೇಕು ಅಂತ ಎಲ್ಲಿದೆ?

ಕಡಲ ಹಾವನ್ನೇ ನೋಡಿ. ಟ್ರೀಯಲ್ಲಿ ಅದು ನಾಗರ, ಕಟ್ಟುಹಾವಿನ ಪಕ್ಕದಲ್ಲೇ ಕೂತಿದೆ. ಕೀಯಲ್ಲಿ ಮೊದಲ ಹೆಜ್ಜೆಗೇ ಆಚೆ ಹೋಗುತ್ತದೆ, ಯಾಕಂದರೆ ಈಜಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾದ ಬಾಲ ಈ ಎಂಟರಲ್ಲಿ ಬೇರೆ ಯಾವುದಕ್ಕೂ ಇಲ್ಲ. ನೆಂಟರನ್ನು ಒಟ್ಟಿಗೆ ಇಡಬೇಕು ಅಂತ ಹಟ ಹಿಡಿದರೆ ಇಷ್ಟು ಒಳ್ಳೆಯ ಲಕ್ಷಣವನ್ನು ಕೊನೆಯವರೆಗೂ ಬಳಸದೆ ಕೂರಬೇಕಾಗುತ್ತದೆ.

ಇನ್ನೊಂದು ಮಾತು. ಲಾಮಾರ್ಕ್ 1778ರಲ್ಲಿ ಫ್ರಾನ್ಸ್‌ನ ಗಿಡಗಳ ಬಗ್ಗೆ ಬರೆದ ಪುಸ್ತಕದಲ್ಲೇ ಇಂಥ ಕವಲು ಕೀ ಇತ್ತು. ಡಾರ್ವಿನ್ ವಂಶವೃಕ್ಷದ ಚಿತ್ರ ಹಾಕಿದ ಪುಸ್ತಕ ಬಂದದ್ದು 1859ರಲ್ಲಿ. ಅಂದರೆ ವಂಶದ ಕಥೆ ಗೊತ್ತಿಲ್ಲದೆಯೂ ಕೀ ಕೆಲಸ ಮಾಡುತ್ತಿತ್ತು.

ಟೇಬಲ್‌ನಿಂದ ಬಂದ ಕೀ ಇದು. ಎಂಟು ಹಾವು, ಪ್ರತಿಯೊಂದೂ ಒಂದೇ ಸಲ ಹೊರಬಂದರೆ ಏಳು ಜೋಡಿ. ಜಾಸ್ತಿ ಕಡಿಮೆ ಆದರೆ ಎಲ್ಲೋ ತಪ್ಪಿದೆ ಅಂತ ತಿಳಿಯಿರಿ.

1ಅ. ಬಾಲ ಹುಟ್ಟಿನಂತೆ ಚಪ್ಪಟೆ: ಕಡಲ ಹಾವು
1ಆ. ಬಾಲ ದುಂಡಗೆ: 2ಕ್ಕೆ ಹೋಗಿ
2ಅ. ಹೊಟ್ಟೆಯ ಪಟ್ಟಿಯಂಥ ಹುರುಪೆಗಳು ಕಿರಿದು, ಹೊಟ್ಟೆಯ ಅಗಲ ಪೂರ್ತಿ ಮುಚ್ಚಿಲ್ಲ: ಮಣ್ಣುಮುಕ್ಕ
2ಆ. ಹೊಟ್ಟೆಯ ಅಗಲ ಪೂರ್ತಿ ಮುಚ್ಚಿವೆ: 3
3ಅ. ತಲೆ ಮೇಲೆ ಮೈಮೇಲಿನಂಥವೇ ಸಣ್ಣ ಹುರುಪೆಗಳು: 4
3ಆ. ತಲೆ ಮೇಲೆ ದೊಡ್ಡ ಫಲಕಗಳು: 5
4ಅ. ಬಾಲದಡಿ ಹುರುಪೆಗಳು ಎರಡು ಸಾಲು: ಕೊಳಕುಮಂಡಲ
4ಆ. ಒಂದೇ ಸಾಲು: ಗರಗಸ ಮಂಡಲ
5ಅ. ಬಾಲದಡಿ ಒಂದೇ ಸಾಲು, ಬೆನ್ನಿನ ನಡುಸಾಲು ಪಕ್ಕದ ಸಾಲಿಗಿಂತ ದೊಡ್ಡದು: ಕಟ್ಟುಹಾವು
5ಆ. ಬಾಲದಡಿ ಎರಡು ಸಾಲು, ನಡುಸಾಲು ಪಕ್ಕದವುಗಳಷ್ಟೇ: 6
6ಅ. ಮೇಲ್ದುಟಿಯ ಮೂರನೇ ಹುರುಪೆ ಕಣ್ಣಿಗೂ ಮೂಗಿನ ಹುರುಪೆಗೂ ತಾಗಿದೆ: ನಾಗರಹಾವು
6ಆ. ಎರಡಕ್ಕೂ ಒಟ್ಟಿಗೆ ತಾಗಿಲ್ಲ: 7
7ಅ. ಮೂಗಿನ ಹುರುಪೆಗೂ ಕಣ್ಣಿನ ಮುಂದಂಚಿಗೆ ತಾಗಿದ ಹುರುಪೆಗೂ ನಡುವೆ ಎರಡು ಮೂರು ಸಣ್ಣ ಹುರುಪೆ: ಕೇರೆ
7ಆ. ಒಂದೇ ಹುರುಪೆ: ತೋಳ ಹಾವು

ಹೆಡೆ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಸತ್ತ ನಾಗರ ಹೆಡೆ ಬಿಚ್ಚುವುದಿಲ್ಲ. ಬಣ್ಣವೂ ಇಲ್ಲ, ಜಾಡಿಯಲ್ಲಿ ಬಣ್ಣ ಮಾಸಿಹೋಗುತ್ತದೆ. ಕಟ್ಟುಹಾವನ್ನೂ ತೋಳ ಹಾವನ್ನೂ ಜನ ಬಿಳಿ ಅಡ್ಡಪಟ್ಟಿ ನೋಡಿಯೇ ಗೊಂದಲ ಮಾಡಿಕೊಳ್ಳುವುದು. ಒಂದಕ್ಕೆ ಕೊಲ್ಲುವ ವಿಷ, ಇನ್ನೊಂದಕ್ಕೆ ವಿಷವೇ ಇಲ್ಲ. ಅವೆರಡನ್ನು ನಾವು ಪಟ್ಟಿ ಮುಟ್ಟದೆ 5ರಲ್ಲೇ ಬೇರೆ ಮಾಡಿದೆವು. ಅಲ್ಲಿ ಎರಡು ಲಕ್ಷಣ ಇಟ್ಟಿದ್ದಕ್ಕೂ ಕಾರಣವಿದೆ: ಬೆಕ್ಕು ಹಾವಿಗೂ ನಡುಸಾಲು ದೊಡ್ಡದಿರುತ್ತದೆ, ಆದರೆ ಬಾಲದಡಿ ಎರಡು ಸಾಲು. ನಡುಸಾಲು ಒಂದನ್ನೇ ನಂಬಿದ ಕೀ ಅದನ್ನೂ ಕಟ್ಟುಹಾವು ಅಂದುಬಿಡುತ್ತದೆ.

ಬರೆದ ಕೀಯನ್ನು ನೀವೇ ಪರೀಕ್ಷೆ ಮಾಡಬೇಡಿ. ನಿಮಗೆ ಉತ್ತರ ಗೊತ್ತು, ಆದ್ದರಿಂದ ಎಡವುವುದಿಲ್ಲ. ಕ್ಲಾಸಿಗೆ ಬಾರದ ಗೆಳೆಯನಿಗೆ ಹೆಸರು ಮುಚ್ಚಿದ ಜಾಡಿ ಕೊಡಿ. ಅವನು ಎಲ್ಲಿ ನಿಂತು "ದೊಡ್ಡದು ಅಂದ್ರೆ ಎಷ್ಟು?" ಅಂತ ಕೇಳುತ್ತಾನೋ ಆ ಜೋಡಿ ಕೆಟ್ಟಿದೆ. "ದೊಡ್ಡದು" ಅನ್ನುವ ಬದಲು "ಪಕ್ಕದ ಸಾಲಿಗಿಂತ ದೊಡ್ಡದು" ಅಂತ ಬರೆದರೆ ಅವನು ಮುಂದೆ ಹೋಗುತ್ತಾನೆ. ಜಾಡಿ ಇಲ್ಲದಿದ್ದರೆ ಹಾವು ಬಿಟ್ಟ ಪೊರೆ ಸಾಕು, ಚೂರಾಗದಿದ್ದರೆ ಹುರುಪೆಗಳು ಅದರಲ್ಲೂ ಕಾಣುತ್ತವೆ. ಜೀವಂತ ಹಾವಿನ ಮೇಲೆ ಮಾತ್ರ ಬೇಡವೇ ಬೇಡ. ಯಾರಿಗಾದರೂ ಕಚ್ಚಿದಾಗ ಕೀ ಹಿಡಿದು ಕೂರಲೂಬೇಡಿ, ನೇರ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಕೊಡುವ ಔಷಧಿ ನಾಗರ, ಕಟ್ಟುಹಾವು, ಎರಡು ಮಂಡಲ, ನಾಲ್ಕಕ್ಕೂ ಸೇರಿಸಿ ಮಾಡಿದ್ದು.

ಈಗ ಒಂದು ನೀರೊಳ್ಳೆಯನ್ನು ಈ ಕೀಗೆ ಕೊಡಿ. ಬಾಲ ದುಂಡಗೆ, ಹೊಟ್ಟೆ ಪಟ್ಟಿ ಅಗಲ, ತಲೆ ಮೇಲೆ ಫಲಕ, ಬಾಲದಡಿ ಎರಡು ಸಾಲು, ತುಟಿಯ ಗುರುತು ಇಲ್ಲ, ಮೂಗಿನ ಹುರುಪೆಗೂ ಕಣ್ಣಿನ ಮುಂದಂಚಿನ ಹುರುಪೆಗೂ ನಡುವೆ ಒಂದೇ ಹುರುಪೆ. ಉತ್ತರ: ತೋಳ ಹಾವು. ತಪ್ಪು. ಆದರೆ ಕೀ ಎಲ್ಲೂ ತಡೆಯಲಿಲ್ಲ, "ನನಗೆ ಗೊತ್ತಿಲ್ಲ" ಅನ್ನಲಿಲ್ಲ. ಪಟ್ಟಿಯಲ್ಲಿ ಇಲ್ಲದ ಹಾವಿಗೂ ಕೀ ಒಂದು ಹೆಸರು ಕೊಟ್ಟೇ ಕೊಡುತ್ತದೆ. ಅದಕ್ಕೇ ಕೀಯ ತಲೆಬರಹದಲ್ಲಿ ಇದು ಯಾವ ಎಂಟು ಹಾವಿಗೆ ಅಂತ ಬರೆಯಲೇಬೇಕು, ಬರೆಯದಿದ್ದರೆ ನಾನು ಅಂಕ ಕಳೆಯುತ್ತೇನೆ. ನೀರೊಳ್ಳೆಯನ್ನು ಸೇರಿಸಬೇಕಾ? 7ಆ ಮುಂದೆ "8ಕ್ಕೆ ಹೋಗಿ" ಅಂತ ಬರೆದು ಹೊಸ ಜೋಡಿ ಇಡಿ: ಬೆನ್ನಿನ ಹುರುಪೆಗಳ ಮೇಲೆ ಏಣು ಇದ್ದರೆ ನೀರೊಳ್ಳೆ, ನುಣುಪಾಗಿದ್ದರೆ ತೋಳ ಹಾವು. ಒಂಬತ್ತು ಹಾವು, ಎಂಟು ಜೋಡಿ.

ಸರಿ, ಟ್ರೀಯಲ್ಲಿ ನೀರೊಳ್ಳೆ ಎಲ್ಲಿ ಕೂರಬೇಕು? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಳೆ ಪುಸ್ತಕದಲ್ಲಿ ಅದರ ಹೆಸರು ಕ್ಸೆನೋಕ್ರೋಫಿಸ್ ಪಿಸ್ಕೇಟರ್, ಕುಟುಂಬ ಕೊಲುಬ್ರಿಡೇ. ಈಗ ಕುಲದ ಹೆಸರು ಫೌಲಿಯಾ. ಕುಟುಂಬವನ್ನು ಕೆಲವರು ಕೊಲುಬ್ರಿಡೇಯಲ್ಲೇ ಉಪಕುಟುಂಬವಾಗಿ ಇಡುತ್ತಾರೆ, ಕೆಲವರು ನ್ಯಾಟ್ರಿಸಿಡೇ ಅಂತ ಬೇರೆ ಮಾಡುತ್ತಾರೆ. ನೀವು ಯಾವುದನ್ನು ಹಿಡಿದಿರಿ ಅಂತ ಟ್ರೀಯ ಕೆಳಗೆ ಒಂದು ಸಾಲು ಬರೆಯಿರಿ, ಸಾಕು. ಕೀಯಲ್ಲಿ ಹೆಸರು ಮಾತ್ರ ತಿದ್ದಿ. 8ನೇ ಜೋಡಿಯನ್ನು ಮುಟ್ಟಬೇಕಾಗಿಲ್ಲ, ಏಣು ಇದ್ದಲ್ಲೇ ಇದೆ.