ಕನ್ನಡಿಯ ಮೈನಸ್ ಬೇರೆ, ಮಸೂರದ ಮೈನಸ್ ಬೇರೆ

ಹತ್ತನೇ ತರಗತಿಯ ಬೆಳಕಿನ ಪಾಠದಲ್ಲಿ ಈ ಥರದ ಪ್ರಶ್ನೆ ಬರುತ್ತದೆ: ಲೆಕ್ಕ ಮಾಡಿದಾಗ ಪ್ರತಿಬಿಂಬದ ದೂರ v = –30 ಸೆಂ.ಮೀ. ಎಂದು ಬಂತು. ಪ್ರತಿಬಿಂಬ ಸತ್ಯವೋ ಮಿಥ್ಯವೋ? ಎಷ್ಟೋ ಮಕ್ಕಳು ತಟ್ಟನೆ "ಮೈನಸ್ ಅಂದ್ರೆ ಮಿಥ್ಯ" ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು "ಮೈನಸ್ ಅಂದ್ರೆ ಸತ್ಯ" ಎನ್ನುತ್ತಾರೆ. ಇಬ್ಬರೂ ಅರ್ಧ ಸರಿ. ಅದು ಕನ್ನಡಿಯಾದರೆ ಸತ್ಯ, ಮಸೂರವಾದರೆ ಮಿಥ್ಯ. ಇದನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಅದಲುಬದಲು ಮಾಡಿಕೊಳ್ಳುತ್ತಾರೆ. ಕಾರಣ ಗೊತ್ತಿದ್ದರೆ ಬಾಯಿಪಾಠವೇ ಬೇಡ.

ಚಿಹ್ನೆಯ ನಿಯಮ ಅಷ್ಟೇನೂ ಕಷ್ಟದ್ದಲ್ಲ. ವಸ್ತುವನ್ನು ಎಡಗಡೆ ಇಡುತ್ತೇವೆ, ಬೆಳಕು ಎಡದಿಂದ ಬಲಕ್ಕೆ ಹೋಗುತ್ತದೆ. ಎಲ್ಲ ದೂರವನ್ನೂ ಕನ್ನಡಿಯ ಧ್ರುವದಿಂದ, ಇಲ್ಲವೇ ಮಸೂರದ ನಡುವಿನ ಬಿಂದುವಿನಿಂದ ಅಳೆಯುತ್ತೇವೆ. ಬೆಳಕು ಹೋಗುವ ಕಡೆಗೆ ಅಳೆದರೆ ಪ್ಲಸ್, ಅದಕ್ಕೆ ಎದುರಾಗಿ ಅಳೆದರೆ ಮೈನಸ್. ಅಕ್ಷದ ಮೇಲಿನ ಎತ್ತರ ಪ್ಲಸ್, ಕೆಳಗಿನದು ಮೈನಸ್. ಅಷ್ಟೇ. ಅಂದರೆ v ಮುಂದಿನ ಚಿಹ್ನೆ ಹೇಳುವುದು ಪ್ರತಿಬಿಂಬ ಎಡಗಡೆ ಇದೆಯೋ ಬಲಗಡೆ ಇದೆಯೋ ಎಂಬುದನ್ನು ಮಾತ್ರ. ಅದು ಸತ್ಯವೋ ಮಿಥ್ಯವೋ ಎನ್ನುವುದನ್ನು ಚಿಹ್ನೆ ನೇರವಾಗಿ ಹೇಳುವುದಿಲ್ಲ.

ಅದನ್ನು ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕನ್ನಡಿಗೋ ಮಸೂರಕ್ಕೋ ತಗುಲಿದ ಮೇಲೆ ಬೆಳಕು ಯಾವ ಕಡೆ ಹೋಯಿತು? ಕನ್ನಡಿ ಬೆಳಕನ್ನು ಎಡಕ್ಕೇ ವಾಪಸ್ ಕಳಿಸುತ್ತದೆ. ಹಾಗಾಗಿ ಕಿರಣಗಳು ನಿಜವಾಗಿ ಒಂದುಗೂಡಬೇಕಾದರೆ ಅದು ಎಡಗಡೆಯೇ ಆಗಬೇಕು, v ಮೈನಸ್ ಇರಬೇಕು. ಮಸೂರ ಬೆಳಕನ್ನು ದಾಟಿಸಿ ಬಲಕ್ಕೆ ಬಿಡುತ್ತದೆ. ಅಲ್ಲಿ ಕಿರಣಗಳು ಕೂಡಿದರೆ v ಪ್ಲಸ್. ಬೆಳಕು ಇರುವ ಕಡೆ ಪ್ರತಿಬಿಂಬ ಬಂದರೆ ಸತ್ಯ, ಬೆಳಕೇ ಇಲ್ಲದ ಕಡೆ ಬಂದರೆ ಮಿಥ್ಯ.

ಒಂದು ನಿಮ್ನ ದರ್ಪಣ, ಒಂದು ಪೀನ ಮಸೂರ ತೆಗೆದುಕೊಳ್ಳೋಣ. ಎರಡರ ಸಂಗಮ ದೂರವೂ 15 ಸೆಂ.ಮೀ. ಎರಡರ ಮುಂದೆಯೂ 10 ಸೆಂ.ಮೀ. ದೂರದಲ್ಲಿ ಒಂದು ವಸ್ತು. ದರ್ಪಣದ ಸಂಗಮ ಬಿಂದು ಎಡಗಡೆ ಇರುವುದರಿಂದ f = –15, ವಸ್ತುವೂ ಎಡಗಡೆ ಇರುವುದರಿಂದ u = –10. ಸೂತ್ರ 1/v + 1/u = 1/f. ಬೆಲೆ ಹಾಕಿದರೆ 1/v = –1/15 + 1/10 = 1/30. v = +30. ಅಂದರೆ ಪ್ರತಿಬಿಂಬ ಕನ್ನಡಿಯ ಹಿಂದೆ 30 ಸೆಂ.ಮೀ. ದೂರದಲ್ಲಿದೆ. ಅಲ್ಲಿಗೆ ಬೆಳಕು ಹೋಗಿಯೇ ಇಲ್ಲ, ಹಾಗಾಗಿ ಮಿಥ್ಯ. ವರ್ಧನೆ m = –v/u = +3. ನೇರವಾಗಿದೆ, ಮೂರು ಪಟ್ಟು ದೊಡ್ಡದಾಗಿದೆ.

ಈಗ ಮಸೂರ. ಇಲ್ಲಿ f = +15, u = –10. ಸೂತ್ರ 1/v – 1/u = 1/f. ಹಾಗಾಗಿ 1/v = 1/15 – 1/10 = –1/30, v = –30. ಮಸೂರಕ್ಕೆ m = v/u, ಅದೂ +3. ಪ್ರತಿಬಿಂಬ ವಸ್ತು ಇರುವ ಕಡೆಯೇ ಇದೆ. ಬೆಳಕು ಮಸೂರ ದಾಟಿ ಬಲಕ್ಕೆ ಹೋಗಿಬಿಟ್ಟಿದೆ, ಹಾಗಾಗಿ ಇದೂ ಮಿಥ್ಯ, ನೇರ, ಮೂರು ಪಟ್ಟು. ಎರಡೂ ಕಡೆ ಪ್ರತಿಬಿಂಬದ ಸ್ವರೂಪ ಒಂದೇ. v ಚಿಹ್ನೆ ಮಾತ್ರ ತಿರುಗಿದೆ. ಆದರೆ m ಚಿಹ್ನೆ ತಿರುಗಿಲ್ಲ ನೋಡಿ. ಕನ್ನಡಿಯ ವರ್ಧನೆಯ ಸೂತ್ರದಲ್ಲಿ ಇರುವ ಆ ಒಂಟಿ ಮೈನಸ್, ಬೆಳಕು ವಾಪಸ್ ತಿರುಗಿದ್ದನ್ನು ಲೆಕ್ಕಕ್ಕೆ ತಂದುಕೊಳ್ಳುತ್ತದೆ. ಹಾಗಾಗಿ m ಪ್ಲಸ್ ಇದ್ದರೆ ನೇರ, ಮೈನಸ್ ಇದ್ದರೆ ತಲೆಕೆಳಗು. ಇದು ಕನ್ನಡಿಗೂ ಮಸೂರಕ್ಕೂ ಒಂದೇ. ಗೊಂದಲವಾದಾಗ ನಾನು v ಬಿಟ್ಟು ಮೊದಲು m ನೋಡಿ ಎನ್ನುತ್ತೇನೆ.

ಜಾಸ್ತಿ ತಪ್ಪಾಗುವುದು ಎಲ್ಲಿ ಗೊತ್ತಾ? f ಚಿಹ್ನೆಯಲ್ಲಿ. ಮೇಲಿನ ನಿಮ್ನ ದರ್ಪಣಕ್ಕೆ ಮರೆತು f = +15 ಹಾಕಿದಿರಿ ಎನ್ನಿ. 1/v = 1/15 + 1/10 = 1/6, v = +6 ಬರುತ್ತದೆ. ಲೆಕ್ಕ ಎಲ್ಲೂ ಮುಗ್ಗರಿಸುವುದಿಲ್ಲ, ಉತ್ತರವೂ ಅಚ್ಚುಕಟ್ಟಾಗಿದೆ. ಆದರೆ ಅದು ಬೇರೆ ಕನ್ನಡಿಯ ಉತ್ತರ. ಪೀನ ದರ್ಪಣದ ಮುಂದೆ 10 ಸೆಂ.ಮೀ.ಗೆ ವಸ್ತು ಇಟ್ಟರೆ ಸರಿಯಾಗಿ ಇದೇ 6 ಸೆಂ.ಮೀ. ಬರಬೇಕು. ಸೂತ್ರಕ್ಕೆ ಕನ್ನಡಿಯ ಆಕಾರ ಕಾಣುವುದಿಲ್ಲ. ಅದು ನಿಮ್ನವೋ ಪೀನವೋ ಎಂದು ತಿಳಿಸುವುದು f ಚಿಹ್ನೆಯೊಂದೇ.

ಇನ್ನು ಹುಡುಕಬೇಕಾದ ಬೆಲೆಗೆ ಮೊದಲೇ ಚಿಹ್ನೆ ಅಂಟಿಸಬೇಡಿ. v ಗೊತ್ತಿಲ್ಲದಿದ್ದರೆ ಸುಮ್ನೆ v ಎಂದೇ ಇಡಿ, ಅದರ ಚಿಹ್ನೆಯನ್ನು ಲೆಕ್ಕವೇ ಕೊಡುತ್ತದೆ.

ಇಂಥ ತಪ್ಪು ಹಿಡಿಯಲು ಕಿರಣ ರೇಖಾಚಿತ್ರ ಬೇಕು. ಐದು ಸೆಂ.ಮೀ.ಗೆ ಒಂದು ಸೆಂ.ಮೀ. ಅಳತೆಯಲ್ಲಿ ಅದೇ ದರ್ಪಣವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. F ಧ್ರುವದಿಂದ 3 ಸೆಂ.ಮೀ. ಎಡಕ್ಕೆ, ವಸ್ತು 2 ಸೆಂ.ಮೀ. ಎಡಕ್ಕೆ, ಅದರ ಎತ್ತರ 1 ಸೆಂ.ಮೀ. ಇರಲಿ. ವಸ್ತುವಿನ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಹೋದ ಕಿರಣ ಪ್ರತಿಫಲಿಸಿ F ಮೂಲಕ ಹೋಗುತ್ತದೆ. ಧ್ರುವಕ್ಕೆ ತಗುಲಿದ ಕಿರಣ ಅಕ್ಷದ ಕೆಳಗೆ ಅಷ್ಟೇ ಕೋನದಲ್ಲಿ ವಾಪಸ್ ಬರುತ್ತದೆ. ಎರಡೂ ಕಿರಣ ಎಡಗಡೆ ದೂರ ದೂರ ಸರಿಯುತ್ತಾ ಹೋಗುತ್ತವೆ, ಕೂಡುವುದೇ ಇಲ್ಲ. ಸ್ಕೇಲ್ ಇಟ್ಟು ಅವನ್ನು ಕನ್ನಡಿಯ ಹಿಂದಕ್ಕೆ ಚುಕ್ಕೆ ಗೆರೆಯಲ್ಲಿ ಎಳೆದರೆ 6 ಸೆಂ.ಮೀ. ದೂರದಲ್ಲಿ, 3 ಸೆಂ.ಮೀ. ಎತ್ತರದಲ್ಲಿ ಕೂಡುತ್ತವೆ. ಅದೇ 30 ಸೆಂ.ಮೀ., ಅದೇ ಮೂರು ಪಟ್ಟು. v = +6 ಎಂದು ತಪ್ಪು ಉತ್ತರ ಬಂದವರಿಗೆ ಈ ಚಿತ್ರ ಕೂಡಲೇ "ಇಲ್ಲ" ಎನ್ನುತ್ತದೆ, ಯಾಕೆಂದರೆ ಇಲ್ಲಿ ಪ್ರತಿಬಿಂಬ ಚಿಕ್ಕದಾಗಿಲ್ಲ.

ಚಿತ್ರ ಬರೆಯುವಾಗ ಒಂದು ಎಚ್ಚರ. ಕನ್ನಡಿಯನ್ನು ಕೈವಾರದಲ್ಲಿ ಆಳವಾಗಿ ಬಾಗಿಸಿ, ಕಿರಣಗಳು ಆ ಬಾಗಿನ ಮೇಲೇ ತಿರುಗುವಂತೆ ಬರೆದರೆ ಅಳತೆ ತಪ್ಪುತ್ತದೆ, ಮೂರನೇ ಕಿರಣ ಹಾಕಿದರೆ ಮೂರೂ ಒಂದೇ ಕಡೆ ಕೂಡುವುದಿಲ್ಲ. ನಮ್ಮ ಸೂತ್ರ ಅಕ್ಷದ ಹತ್ತಿರ ಸಾಗುವ ಕಿರಣಗಳಿಗೆ ಮಾತ್ರ ಸರಿ. ಆದ್ದರಿಂದ ಧ್ರುವದಲ್ಲಿ ಒಂದು ನೆಟ್ಟನೆಯ ಗೆರೆ ಎಳೆದು, ಕಿರಣಗಳು ಅಲ್ಲಿಯೇ ತಿರುಗುತ್ತವೆ ಎಂದು ಬರೆಯಿರಿ.

ವಸ್ತುವನ್ನು ಈಗ 20 ಸೆಂ.ಮೀ.ಗೆ ಸರಿಸಿ. ದರ್ಪಣಕ್ಕೆ 1/v = –1/15 + 1/20 = –1/60, v = –60, m = –3. ಮೇಣದಬತ್ತಿ ಹಚ್ಚಿ ಇಟ್ಟರೆ ಅದರ ಪ್ರತಿಬಿಂಬವನ್ನು ಬಿಳಿ ಹಾಳೆಯ ಮೇಲೆ ಹಿಡಿಯಬಹುದು. ಹಾಳೆಯನ್ನು ಬತ್ತಿಯ ಆಚೆಗೆ, ಕನ್ನಡಿಯಿಂದ 60 ಸೆಂ.ಮೀ. ದೂರ ಹಿಡಿಯಬೇಕು. ಬತ್ತಿ ಮಧ್ಯೆ ಅಡ್ಡ ನಿಂತಿದ್ದರೂ ಪ್ರತಿಬಿಂಬ ತುಂಡಾಗುವುದಿಲ್ಲ, ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಕನ್ನಡಿಯ ಉಳಿದ ಭಾಗದಿಂದ ಬಂದ ಬೆಳಕು ಪೂರ್ತಿ ಚಿತ್ರ ಮೂಡಿಸುತ್ತದೆ. ಮಸೂರದಲ್ಲಾದರೆ ಇದೇ ದೂರಕ್ಕೆ v = +60. ಹಾಳೆಯನ್ನು ಮಸೂರದ ಇನ್ನೊಂದು ಕಡೆ ಹಿಡಿಯಬೇಕು.

ಹೀಗಾಗಿ "15 ಸೆಂ.ಮೀ. ಸಂಗಮ ದೂರದ ನಿಮ್ನ ದರ್ಪಣ ಮೂರು ಪಟ್ಟು ದೊಡ್ಡ ಪ್ರತಿಬಿಂಬ ಕೊಡುತ್ತದೆ, ವಸ್ತು ಎಲ್ಲಿದೆ?" ಎಂಬ ಪ್ರಶ್ನೆಗೆ ಎರಡು ಉತ್ತರ ಇವೆ, 10 ಮತ್ತು 20. ಪ್ರಶ್ನೆಯಲ್ಲಿ "ಪರದೆಯ ಮೇಲೆ ಮೂಡಿದ" ಎಂದಿದ್ದರೆ ಪ್ರತಿಬಿಂಬ ಸತ್ಯ, m = –3, ಆಗ v = 3u. ಸೂತ್ರದಲ್ಲಿ ಹಾಕಿದರೆ 4/(3u) = –1/15, u = –20. "ನೇರವಾದ" ಎಂದಿದ್ದರೆ m = +3, v = –3u, 2/(3u) = –1/15, u = –10. ಯಾವ ಪದವೂ ಇಲ್ಲದಿದ್ದರೆ ಎರಡನ್ನೂ ಬರೆಯಬೇಕು.