ಅನೋವಾ ಹೊಂದದ ಡೇಟಾಗೆ ಕ್ರಸ್ಕಲ್-ವಾಲಿಸ್: ಉತ್ತರವನ್ನು ಓದುವುದು ಹೇಗೆ?

ಪ್ರಶ್ನೆ: ಮೂರು ಕೌಂಟರ್‌ಗಳಲ್ಲಿ ಜನ ಎಷ್ಟು ಹೊತ್ತು ಕಾದರು ಎಂದು ಬರೆದುಕೊಂಡೆ. ಅನೋವಾದಲ್ಲಿ ವ್ಯತ್ಯಾಸ ಕಾಣಲಿಲ್ಲ, ಕ್ರಸ್ಕಲ್-ವಾಲಿಸ್‌ನಲ್ಲಿ ಕಂಡಿತು. ಯಾವುದನ್ನು ನಂಬಲಿ? ಮಧ್ಯಾಂಕಗಳು ಬೇರೆ ಎಂದು ಬರೆಯಬಹುದಾ?

ಉತ್ತರ: ನೀವು ಕಳಿಸಿದ ನಿಮಿಷಗಳನ್ನೇ ನೋಡೋಣ.

ಅ: 4, 6, 7, 9, 11
ಆ: 8, 12, 14, 15, 90
ಇ: 13, 17, 19, 22, 25

ಗೋಜಲಿಗೆ ಕಾರಣ ಆ 90. ಅದು ಬರೆಯುವಾಗ ಆದ ತಪ್ಪಾ ಎಂದು ಮೊದಲು ನೋಡಿ. ನಿಜವಾಗಿಯೂ ಒಬ್ಬರು ಒಂದೂವರೆ ಗಂಟೆ ಕಾದಿದ್ದರೆ ಅದನ್ನು ತೆಗೆಯಬೇಡಿ. ಅದೊಂದರಿಂದ 'ಆ' ಗುಂಪಿನ ಸರಾಸರಿ 27.8ಕ್ಕೆ ಏರಿದೆ, ಗುಂಪಿನೊಳಗಿನ ಏರಿಳಿತವೂ ವಿಪರೀತ ಹೆಚ್ಚಿದೆ. ಅನೋವಾ ಗುಂಪುಗಳ ನಡುವಿನ ಅಂತರವನ್ನು ಅಳೆಯುವುದೇ ಆ ಏರಿಳಿತದ ಎದುರಿಗಿಟ್ಟು. ಹಾಗಾಗಿ F ಬರೀ 1.26, p ಸುಮಾರು 0.32.

ಕ್ರಸ್ಕಲ್ ಮತ್ತು ವಾಲಿಸ್ 1952ರಲ್ಲಿ ಪ್ರಕಟಿಸಿದ ವಿಧಾನ ನಿಮಿಷಗಳನ್ನು ಬಿಟ್ಟು ಸ್ಥಾನಗಳನ್ನು ಹಿಡಿಯುತ್ತದೆ. ಹದಿನೈದೂ ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ. 4ಕ್ಕೆ ರ‍್ಯಾಂಕ್ 1, 90ಕ್ಕೆ 15. ಅದು 900 ಆಗಿದ್ದರೂ 15ನೇ. ಸಮ ಬಂದವರಿಗೆ ಸರಾಸರಿ ರ‍್ಯಾಂಕ್ ಕೊಡಬೇಕು, ನಿಮ್ಮಲ್ಲಿ ಅಂಥವರಿಲ್ಲ. ರ‍್ಯಾಂಕ್‌ಗಳ ಮೊತ್ತ ಅ 17, ಆ 45, ಇ 58.

```
H = 12/(15×16) × (17² + 45² + 58²)/5 − 3×16 = 8.78
```

ಕೈ-ವರ್ಗ ಕೋಷ್ಟಕದಲ್ಲಿ 2 ಸ್ವಾತಂತ್ರ್ಯ ಡಿಗ್ರಿಗೆ p ಸುಮಾರು 0.012. ಇಲ್ಲಿ ನಾನು ನಂಬುವುದು ಇದನ್ನೇ.

ಮಧ್ಯಾಂಕದ ವಿಷಯಕ್ಕೆ ಬರೋಣ. ತುಂಬ ವರದಿಗಳು ಎಡವುವುದು ಇಲ್ಲೇ. ಮೂರೂ ಗುಂಪುಗಳ ಹರಡುವಿಕೆಯ ಆಕಾರ ಒಂದೇ ಇದ್ದು, ಜಾಗ ಮಾತ್ರ ಸರಿದಿದ್ದರೆ ಮಧ್ಯಾಂಕ ಬೇರೆ ಎನ್ನಬಹುದು. ನಿಮ್ಮ 'ಆ' ಗುಂಪಿಗೆ ಉದ್ದನೆಯ ಬಾಲವಿದೆ, ಉಳಿದವಕ್ಕಿಲ್ಲ. ಆದ್ದರಿಂದ "ಕೆಲವು ಕೌಂಟರ್‌ಗಳಲ್ಲಿ ಕಾಯುವ ಹೊತ್ತು ಉಳಿದವಕ್ಕಿಂತ ಜಾಸ್ತಿಯಾಗಿರುವ ಕಡೆಗೆ ವಾಲಿದೆ" ಎಂದಷ್ಟೇ ಬರೆಯಿರಿ. ಒಬ್ಬರೇ ಮೂರೂ ಕಡೆ ಕಾದಿದ್ದರೆ ಈ ಪರೀಕ್ಷೆಯೇ ಸಲ್ಲದು, ಫ್ರೀಡ್‌ಮನ್ ಪರೀಕ್ಷೆ ಬೇಕು.

ಇನ್ನು, ಯಾವುದು ಬೇರೆ ಎಂದು H ಹೇಳುವುದಿಲ್ಲ. ಅದಕ್ಕೆ ಡನ್ ಪರೀಕ್ಷೆ ಇದೆ, ಇವೇ ರ‍್ಯಾಂಕ್‌ಗಳನ್ನು ಬಳಸುತ್ತದೆ. ಸರಾಸರಿ ರ‍್ಯಾಂಕ್‌ಗಳು 3.4, 9, 11.6. ಯಾವುದೇ ಎರಡರ ಅಂತರವನ್ನು ಅದರ ಪ್ರಮಾಣಿತ ದೋಷದಿಂದ, ಅಂದರೆ ಇಲ್ಲಿ 2.83ರಿಂದ ಭಾಗಿಸಿ. ಅ–ಇ ನಡುವೆ 2.90, ಅ–ಆ ನಡುವೆ 1.98, ಆ–ಇ ನಡುವೆ 0.92. ಮೂರು ಸಲ ಹೋಲಿಸಿದ್ದರಿಂದ ಪ್ರತಿ p ಅನ್ನು ಮೂರರಿಂದ ಗುಣಿಸಿದರೆ, ಅ–ಇ 0.011, ಅ–ಆ 0.14 ಆಗುತ್ತದೆ. ಸುಮ್ನೆ 1.98 ನೋಡಿದ್ದರೆ ಅ–ಆ ಕೂಡ ಬೇರೆ ಎಂದುಬಿಡುತ್ತಿದ್ದೆವು, ಅಲ್ವಾ? ನಿಮ್ಮ ಡೇಟಾ ಗಟ್ಟಿಯಾಗಿ ಹೇಳುತ್ತಿರುವುದು ಅ ಮತ್ತು ಇ ಬಗ್ಗೆ ಮಾತ್ರ.