‘ಒಳ್ಳೆಯ ಹುಡುಗ’ ಅಂದರೆ ಏನು ತಿಳಿಯಬೇಕು?

ಓದುಗರ ಪ್ರಶ್ನೆ: ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಅಭ್ಯರ್ಥಿಯ ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡುತ್ತೇವೆ. ‘ಒಳ್ಳೆಯ ಹುಡುಗ, ತೊಂದರೆಯೇನಿಲ್ಲ’ ಎನ್ನುವುದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಕೋ?

ಉತ್ತರ: ಆ ಒಂದು ಮಾತಿನಿಂದ ಎರಡನ್ನೂ ಹೇಳಲಾಗುವುದಿಲ್ಲ. ‘ಹೇಗಿದ್ದರು?’ ಎಂದು ಕೇಳಿದರೆ ಯಾರಾದರೂ ಕೊಡುವ ಉತ್ತರವೇ ಅದು. ಜಾರಿಕೆಯ ಮಾತಿಗೆ ಅರ್ಥ ಬರುವುದು ಅದೇ ವ್ಯಕ್ತಿ ಬೇರೆ ಪ್ರಶ್ನೆಗಳಿಗೆ ಎಷ್ಟು ಬಿಡಿಸಿ ಉತ್ತರಿಸಿದರು ಎಂಬುದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ. ಹಾಗಾಗಿ ಪ್ರಶ್ನೆಗಳ ಸಾಲನ್ನೇ ಆ ಹೋಲಿಕೆಗೆ ಅವಕಾಶವಾಗುವಂತೆ ಜೋಡಿಸಿಕೊಳ್ಳಬೇಕು.

ಫೋನ್ ಮಾಡುವ ಮೊದಲು ಎರಡು ಕೆಲಸ ಆಗಿರಬೇಕು. ಒಂದು, ಅಭ್ಯರ್ಥಿಯ ಒಪ್ಪಿಗೆ. ಈಗ ಕೆಲಸ ಮಾಡುತ್ತಿರುವ ಕಡೆಗೆ ಅವರಿಗೆ ತಿಳಿಸದೆ ಫೋನ್ ಮಾಡಿದರೆ ಇರುವ ಕೆಲಸಕ್ಕೂ ಕುತ್ತು ಬರಬಹುದು. ಎರಡು, ಸಂದರ್ಶನದಲ್ಲೇ ಅಭ್ಯರ್ಥಿಗೆ ಒಂದು ಪ್ರಶ್ನೆ: ‘ನಿಮ್ಮ ಹಳೆಯ ಮ್ಯಾನೇಜರ್ ಜೊತೆ ಮಾತಾಡಿದಾಗ, ನೀವು ಯಾವುದರಲ್ಲಿ ಸುಧಾರಿಸಬೇಕಿತ್ತು ಅಂತ ಅವರು ಹೇಳ್ತಾರೆ?’ ಈ ಉತ್ತರವನ್ನು ಬರೆದಿಟ್ಟುಕೊಳ್ಳಿ, ಮುಂದೆ ತಾಳೆ ನೋಡಲು ಬೇಕಾಗುತ್ತದೆ. ಅಭ್ಯರ್ಥಿ ಕೊಟ್ಟ ಮೊಬೈಲ್ ನಂಬರನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಗೆಳೆಯನೇ ಮ್ಯಾನೇಜರ್ ಎಂದು ಮಾತಾಡುವುದೂ ಉಂಟು. ಕಂಪನಿಯ ಕಚೇರಿ ನಂಬರಿನ ಮೂಲಕ, ಇಲ್ಲವೇ ಕಂಪನಿಯ ಇಮೇಲ್ ವಿಳಾಸದಿಂದ ಸಮಯ ನಿಗದಿ ಮಾಡಿಕೊಂಡರೆ ಆ ಅನುಮಾನ ಇರುವುದಿಲ್ಲ. ಮಾತುಕತೆಗೆ ಇಪ್ಪತ್ತು ನಿಮಿಷ ಕೇಳಿ. ಬರಹದಲ್ಲಿ ಉತ್ತರ ತರಿಸಿಕೊಂಡರೆ ತೂಗಿ ಅಳೆದ ವಾಕ್ಯಗಳು ಬರುತ್ತವೆ, ತಡವರಿಕೆ ಕೇಳಿಸುವುದಿಲ್ಲ.

ಮೊದಲ ಐದು ನಿಮಿಷ ಬರೀ ಸಂಗತಿಗಳಿಗೆ: ಯಾವಾಗಿನಿಂದ ಯಾವಾಗಿನವರೆಗೆ, ಯಾವ ಹುದ್ದೆ, ಅಭ್ಯರ್ಥಿ ನೇರವಾಗಿ ಇವರ ಕೈಕೆಳಗೇ ಇದ್ದರೇ, ಆಗ ಇವರ ಕೆಳಗೆ ಎಷ್ಟು ಜನ ಇದ್ದರು. ಆಮೇಲೆ ನಿಮ್ಮ ಹುದ್ದೆಯ ವಿವರವನ್ನು ಎರಡು ವಾಕ್ಯದಲ್ಲಿ ಹೇಳಿ, ಅಭ್ಯರ್ಥಿ ನಿಜವಾಗಿ ಚೆನ್ನಾಗಿ ಮಾಡಿರಬಹುದಾದ ಕೆಲಸದ ಬಗ್ಗೆ ಕೇಳಿ. ಹೊಗಳಲು ಯಾರಿಗೂ ಅಡ್ಡಿಯಿಲ್ಲ. ಇಲ್ಲಿ ಅವರು ಎಷ್ಟು ವಿವರ ಕೊಡುತ್ತಾರೋ ಅದೇ ನಿಮ್ಮ ಅಳತೆಗೋಲು. ಅನುಮಾನವಿರುವ ವಿಷಯಕ್ಕೆ ಬರುವುದು ಇದಾದ ಮೇಲೆ.

ಒಂದು ಉದಾಹರಣೆ ನೋಡೋಣ. ಲೆಕ್ಕಪತ್ರ ವಿಭಾಗಕ್ಕೆ ಒಬ್ಬ ಟೀಮ್ ಲೀಡ್ ಬೇಕು, ಕೈಕೆಳಗೆ ಐದು ಜನ. ಅಭ್ಯರ್ಥಿಯ ಅರ್ಜಿಯಲ್ಲಿ ‘ಎರಡು ವರ್ಷ ನಾಲ್ಕು ಜನರ ತಂಡ ಮುನ್ನಡೆಸಿದ್ದೇನೆ’ ಎಂದಿದೆ. ಹಳೆಯ ಮ್ಯಾನೇಜರ್‌ಗೆ ಮೊದಲು ಆಡಿಟ್ ಬಗ್ಗೆ ಕೇಳುತ್ತೀರಿ. ‘ಆಡಿಟರ್ ಕೇಳಿದ ಹಳೆಯ ಬಿಲ್ಲುಗಳನ್ನೆಲ್ಲ ಎರಡೇ ದಿನದಲ್ಲಿ ಹುಡುಕಿ ಕೊಟ್ಟರು, ಒಂದು ಎಂಟ್ರಿ ಎರಡು ಸಲ ಆಗಿದ್ದನ್ನೂ ಅವರೇ ಹಿಡಿದರು’ ಎನ್ನುತ್ತಾರೆ. ಅಂದರೆ ಇವರಿಗೆ ನೆನಪಿದೆ, ಹೇಳಲು ಮನಸ್ಸೂ ಇದೆ.

ಈಗ ತಂಡದ ವಿಷಯ. ‘ತಂಡವನ್ನು ಹೇಗೆ ನೋಡ್ಕೊಳ್ತಿದ್ರು ಸರ್?’

‘ಎಲ್ಲರ ಜೊತೆ ಚೆನ್ನಾಗೇ ಇದ್ರು.’

ವಿವರ ಇದ್ದಕ್ಕಿದ್ದಂತೆ ಬತ್ತಿಹೋಯಿತು. ಇಲ್ಲಿಗೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುವುದು ಎಲ್ಲರೂ ಮಾಡುವ ತಪ್ಪು. ‘ಅಂದ್ರೆ ಲೀಡರ್‌ಶಿಪ್ ಚೆನ್ನಾಗಿತ್ತು ಅನ್ನಿ’ ಎಂದು ನೀವೇ ಉತ್ತರ ಪೂರ್ತಿ ಮಾಡಿಕೊಡುವುದು ಅದಕ್ಕಿಂತ ಕೆಟ್ಟದ್ದು, ಅವರು ಹೂಂ ಅಂದು ಪಾರಾಗುತ್ತಾರೆ. ಗುಣದ ಬಗ್ಗೆ ಕೇಳುವುದನ್ನು ಬಿಟ್ಟು ನಡೆದದ್ದನ್ನು ಕೇಳಿ: ‘ಆ ನಾಲ್ವರಲ್ಲಿ ಯಾರಾದ್ರೂ ಕೆಲಸ ತಪ್ಪಾಗಿ ಮಾಡಿ ತಂದಾಗ ಇವರು ಏನು ಮಾಡ್ತಿದ್ರು?’ ಕೇಳಿ ಸುಮ್ಮನಿರಿ. ಐದಾರು ಸೆಕೆಂಡಿನ ಮೌನ ಫೋನಿನಲ್ಲಿ ಬಹಳ ಉದ್ದ ಅನ್ನಿಸುತ್ತದೆ, ಆದರೂ ತುಂಬಬೇಡಿ.

‘ಹೆಚ್ಚಾಗಿ ತಾವೇ ಕೂತು ಸರಿ ಮಾಡಿಬಿಡ್ತಿದ್ರು.’

‘ಅವರ ರಜೆ, ಕೆಲಸದ ಹಂಚಿಕೆ ಯಾರು ನೋಡ್ತಿದ್ರು?’

‘ಅದೆಲ್ಲ ನನ್ನ ಹತ್ರನೇ ಬರ್ತಿತ್ತು.’

ಈ ಮ್ಯಾನೇಜರ್ ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ಗೊತ್ತಾಗಬೇಕಾದದ್ದು ಗೊತ್ತಾಯಿತು: ಅಭ್ಯರ್ಥಿ ತಂಡದ ಹಿರಿಯ ಕೆಲಸಗಾರ, ಲೆಕ್ಕದಲ್ಲಿ ಗಟ್ಟಿ. ತಂಡ ನಡೆಸಿದ್ದು ಮಾತ್ರ ಬೇರೆಯವರು. ಇದು ಸುಳ್ಳು ಹೇಳಿದ್ದಕ್ಕೆ ಸಾಕ್ಷಿಯಲ್ಲ. ಎಷ್ಟೋ ಕಡೆ ಹುದ್ದೆಯ ಹೆಸರು ಕೊಟ್ಟು ಅಧಿಕಾರ ಕೊಟ್ಟಿರುವುದಿಲ್ಲ.

ಇನ್ನೂ ಸ್ವಲ್ಪ ಬಿಡಿಸಬೇಕೆನಿಸಿದರೆ ಅಂಕ ಕೇಳಿ: ‘ತಂಡ ನಡೆಸುವುದರಲ್ಲಿ ಹತ್ತಕ್ಕೆ ಎಷ್ಟು ಕೊಡ್ತೀರಿ?’ ಏಳು ಎನ್ನುತ್ತಾರೆ, ಬಹುತೇಕ ಎಲ್ಲರೂ ಏಳು–ಎಂಟರಲ್ಲೇ ನಿಲ್ಲುತ್ತಾರೆ. ಆ ಅಂಕಕ್ಕೆ ಬೆಲೆಯಿಲ್ಲ. ಬೆಲೆಯಿರುವುದು ‘ಏಳು ಒಂಬತ್ತಾಗಲು ಏನು ಬೇಕಿತ್ತು?’ ಎಂಬ ಮರುಪ್ರಶ್ನೆಗೆ. ‘ಇವರ ದೌರ್ಬಲ್ಯ ಏನು?’ ಎಂದರೆ ದೂರು ಹೇಳಿದಂತಾಗುತ್ತದೆ ಎಂದು ಹಿಂಜರಿಯುವವರು ಇದಕ್ಕೆ ಸಲೀಸಾಗಿ ಉತ್ತರಿಸುತ್ತಾರೆ. ಕೊನೆಯಲ್ಲಿ ‘ಅವಕಾಶ ಸಿಕ್ಕರೆ ಮತ್ತೆ ಕೆಲಸಕ್ಕೆ ತಗೊಳ್ತೀರಾ?’ ಎಂದು ಕೇಳುವುದು ವಾಡಿಕೆ. ಹೌದು ಅಂದರೆ ‘ಯಾವ ಕೆಲಸಕ್ಕೆ?’ ಎಂದೂ ಸೇರಿಸಿ. ನಮ್ಮ ಉದಾಹರಣೆಯ ಮ್ಯಾನೇಜರ್ ‘ಆಡಿಟ್ ಕೆಲಸಕ್ಕೆ ನಾಳೆಯೇ’ ಎಂದರೆ ಅದರಲ್ಲೇ ಉತ್ತರವಿದೆ.

ಮೊದಲಿಂದ ಕೊನೆಯವರೆಗೂ ಒಂದೇ ಸಮನೆ ಮಸುಕಾಗಿರುವ ಮಾತು ಬೇರೆಯೇ ಜಾತಿ. ಹೊಗಳುವ ಅವಕಾಶ ಕೊಟ್ಟಾಗಲೂ ವಿವರ ಬರದಿದ್ದರೆ ಅದನ್ನು ಅಭ್ಯರ್ಥಿಯ ಲೆಕ್ಕಕ್ಕೆ ಬರೆಯಬೇಡಿ. ಹಲವು ಕಂಪನಿಗಳು ದಿನಾಂಕ, ಹುದ್ದೆ ಬಿಟ್ಟು ಬೇರೇನೂ ಹೇಳಬಾರದೆಂದು ನಿಯಮವನ್ನೇ ಮಾಡಿವೆ, ನಾಳೆ ಕೋರ್ಟು ಕಚೇರಿ ಎಂದು ಅಲೆಯಬೇಕಾದೀತೆಂಬ ಭಯ. ‘ನಿಮ್ಮಲ್ಲಿ ಈ ಬಗ್ಗೆ ನಿಯಮ ಇದೆಯಾ ಸರ್, ಅಥವಾ ಇವರ ಬಗ್ಗೆ ಮಾತ್ರ ಹೇಳೋದು ಬೇಡ ಅಂತಾನಾ?’ ಎಂದು ನೇರವಾಗಿ ಕೇಳಿಬಿಡಿ, ನಿಯಮವಿದ್ದರೆ ಹೇಳುತ್ತಾರೆ. ಇನ್ನು ಕೆಲವರಿಗೆ ನಿಜಕ್ಕೂ ನೆನಪಿರುವುದಿಲ್ಲ: ಆರು ವರ್ಷದ ಹಿಂದೆ ಕೈಕೆಳಗಿದ್ದ ಮೂವತ್ತು ಜನರಲ್ಲಿ ಒಬ್ಬರನ್ನು ಯಾರು ನೆನಪಿಡುತ್ತಾರೆ? ಮೊದಲ ಐದು ನಿಮಿಷದಲ್ಲಿ ಕೇಳಿದ ಸಂಖ್ಯೆ, ದಿನಾಂಕಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ. ಇಂಥ ಕಡೆ ದಿನನಿತ್ಯ ಜೊತೆಗಿದ್ದ ಇನ್ನೊಬ್ಬ ಮೇಲಧಿಕಾರಿಯ ಹೆಸರು ಕೇಳಿ ಮುಂದುವರಿಯುವುದೇ ದಾರಿ.

ವಿವರವಿಲ್ಲದ ಅತಿಯಾದ ಹೊಗಳಿಕೆಗೂ ಇದೇ ಅಳತೆ. ‘ಸೂಪರ್, ಕಣ್ಣು ಮುಚ್ಚಿ ತಗೊಳ್ಳಿ’ ಎಂದು ಒಂದು ಘಟನೆಯನ್ನೂ ಹೇಳದವರು ಬೇಡವಾದವರನ್ನು ದಾಟಿಸುತ್ತಿರಲೂಬಹುದು. ಬಿಟ್ಟು ಹೋದ ಕೋಪಕ್ಕೆ ಬೈಯುವವರೂ ಇದ್ದಾರೆ, ಅವರ ಬಾಯಲ್ಲೂ ಘಟನೆಗಿಂತ ವಿಶೇಷಣವೇ ಜಾಸ್ತಿ. ಬರೆದುಕೊಳ್ಳುವಾಗ ನಿಮ್ಮ ಅನಿಸಿಕೆ ಬೇಡ, ಅವರ ಮಾತನ್ನೇ ಬರೆಯಿರಿ. ‘ಚೆನ್ನಾಗೇ ಇದ್ರು’ ಎಂದದ್ದು ನಿಮ್ಮ ಟಿಪ್ಪಣಿಯಲ್ಲಿ ‘ತಂಡದ ಜೊತೆ ಉತ್ತಮ ಸಂಬಂಧ’ ಎಂದಾದರೆ ಜಾರಿಕೆ ಅಲ್ಲೇ ಅಳಿಸಿಹೋಗುತ್ತದೆ. ಆರೋಗ್ಯ, ಮದುವೆ, ಮಕ್ಕಳು, ಧರ್ಮದ ಮಾತು ಅವರೇ ಎತ್ತಿದರೂ ಬರೆದುಕೊಳ್ಳಬೇಡಿ.

ಒಂದು ಫೋನಿನ ಮೇಲೆ ಅಭ್ಯರ್ಥಿಯನ್ನು ಕೈಬಿಡುವುದು ಸರಿಯಲ್ಲ. ತಂಡದ ಬಗ್ಗೆ ಕೇಳಿದ ಅದೇ ಪ್ರಶ್ನೆಗಳನ್ನು, ಅದೇ ಮಾತುಗಳಲ್ಲಿ, ಎರಡನೆಯ ರೆಫರೆನ್ಸ್‌ಗೂ ಕೇಳಿ. ಅವರ ಉತ್ತರವೂ ಅದೇ ಜಾಗದಲ್ಲಿ ಬತ್ತಿದರೆ ಅಭ್ಯರ್ಥಿಯ ಬಳಿಗೆ ಹೋಗಿ, ಯಾರು ಏನು ಹೇಳಿದರೆಂದು ಬಾಯಿಬಿಡದೆ ಕೇಳಿ: ‘ನಿಮ್ಮ ತಂಡದಲ್ಲಿ ರಜೆ, ಕೆಲಸದ ಹಂಚಿಕೆ ಯಾರ ಕೈಯಲ್ಲಿತ್ತು?’ ‘ಅದು ಮ್ಯಾನೇಜರ್ ಕೈಯಲ್ಲಿತ್ತು, ನಾನು ಕೆಲಸ ಕಲಿಸ್ತಿದ್ದೆ, ಪರಿಶೀಲಿಸ್ತಿದ್ದೆ’ ಎಂದರೆ ಮೊದಲ ಆರು ತಿಂಗಳು ಜೊತೆಗೆ ನಿಂತು ತಂಡ ನಡೆಸುವುದನ್ನು ಕಲಿಸಲು ನಿಮ್ಮಲ್ಲಿ ಯಾರಿದ್ದಾರೆ ಎಂದು ಯೋಚಿಸಿ. ‘ಎಲ್ಲ ನಾನೇ’ ಎಂದರೆ, ಸಂದರ್ಶನದ ದಿನ ಬರೆದಿಟ್ಟುಕೊಂಡ ಆ ಉತ್ತರವನ್ನು ಇನ್ನೊಮ್ಮೆ ತೆಗೆದು ಓದಿ.